ಪಿಎಸ್5 ಆಟ ರೆಕಾರ್ಡ್ ಮಾಡಲು ಕ್ಯಾಪ್ಚರ್ ಕಾರ್ಡ್: ದೀರ್ಘ ಬಳಕೆಯ ನಂತರದ ಅಭಿಪ್ರಾಯ

ನನ್ನ ತಮ್ಮ ಪಿಎಸ್5ನಲ್ಲಿ ಆಡುವ ಆಟಗಳನ್ನು ಅವನದೇ ಕನ್ನಡ ವಿವರಣೆಯೊಂದಿಗೆ ರೆಕಾರ್ಡ್ ಮಾಡಲೆಂದು ಕಳೆದ ವರ್ಷ ಮಳೆಗಾಲಕ್ಕೆ ಮೊದಲು ಮುಂಬೈಯ ಲ್ಯಾಮಿಂಗ್ಟನ್ ರಸ್ತೆಯಿಂದ ಯುಎಸ್‌ಬಿ 3.0 ಕ್ಯಾಪ್ಚರ್ ಕಾರ್ಡೊಂದನ್ನು ತಂದೆವು. ಅಂಗಡಿಯವರು ಮೊದಲು ತೋರಿಸಿದ ಅಗ್ಗದ ಯುಎಸ್‌ಬಿ 2.0 ಕಡ್ಡಿಯನ್ನು ನಾನು ಬೇಡವೆಂದೆ. 1080p ಚಿತ್ರವನ್ನು ಸೆಕೆಂಡಿಗೆ 60 ಫ್ರೇಮ್‌ನಂತೆ ಸಂಕುಚಿಸದೆ ಕಳುಹಿಸಲು ಸುಮಾರು 2 ಗಿಗಾಬಿಟ್ ವೇಗ ಬೇಕು, ಯುಎಸ್‌ಬಿ 2.0ರ ಮಿತಿಯೇ 480 ಮೆಗಾಬಿಟ್. ಜೊತೆಗೆ ಆ ಕಡ್ಡಿಯಲ್ಲಿ ಟಿವಿಗೆ ಸಂಪರ್ಕಿಸುವ ಪಾಸ್‌ಥ್ರೂ ಕಿಂಡಿಯೂ ಇರಲಿಲ್ಲ.

ಕಾರ್ಡಿನ ಮೂಲಕ ಲ್ಯಾಪ್‌ಟಾಪಿಗೆ ಬರುವ ಚಿತ್ರ ಸ್ವಲ್ಪ ತಡವಾಗಿ ಕಾಣುತ್ತದೆ, ಈ ವಿಳಂಬದ ಪ್ರಶ್ನೆ ಇತ್ಯರ್ಥವಾಗುವುದೇ ಆ ಕಿಂಡಿಯಲ್ಲಿ. ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡುವ ತಂತ್ರಾಂಶವಾದ ಓಬಿಎಸ್‌ನ ಪರದೆಯನ್ನು ನೋಡಿಕೊಂಡು ಯಾರೂ ಆಡಬಾರದು. ಟಿವಿ ಮತ್ತು ಲ್ಯಾಪ್‌ಟಾಪ್ ಎರಡನ್ನೂ ಅಕ್ಕಪಕ್ಕ ಇಟ್ಟು, ಮೊಬೈಲಿನಲ್ಲಿ ಸೆಕೆಂಡಿಗೆ 240 ಫ್ರೇಮ್‌ನ ಸ್ಲೋ ಮೋಷನ್ ವಿಡಿಯೊ ತೆಗೆದು, ಆಟದ ಪಾತ್ರ ಜಿಗಿದ ಕ್ಷಣವನ್ನು ಎರಡೂ ಪರದೆಗಳಲ್ಲಿ ಹೋಲಿಸಿದಾಗ ಲ್ಯಾಪ್‌ಟಾಪ್ 24 ಫ್ರೇಮ್ ಹಿಂದಿತ್ತು, ಅಂದರೆ 100 ಮಿಲಿಸೆಕೆಂಡ್. ಪಾಸ್‌ಥ್ರೂ ಮೂಲಕ ಟಿವಿಗೆ ಹೋಗುವ ಚಿತ್ರದಲ್ಲಿ ನೇರ ಸಂಪರ್ಕಕ್ಕಿಂತ ಭಿನ್ನವಾದ ಯಾವ ತಡವೂ ಕೈಗೆ ತಿಳಿಯುವುದಿಲ್ಲ. ಟಿವಿಯ ಗೇಮ್ ಮೋಡ್ ಮಾತ್ರ ಆನ್ ಆಗಿರಲೇಬೇಕು. ತಮ್ಮ ಟಿವಿ ನೋಡಿಕೊಂಡು ಮಾತಾಡುವುದರಿಂದ ರೆಕಾರ್ಡಿಂಗಿನಲ್ಲಿ ಅವನ ಮಾತು ಚಿತ್ರಕ್ಕಿಂತ ಮುಂದೆ ಓಡುತ್ತಿತ್ತು. ಓಬಿಎಸ್‌ನ Advanced Audio Properties ಒಳಗೆ ಮೈಕಿನ Sync Offset ಅನ್ನು 100 ಮಾಡಿದ ಮೇಲೆ ಎರಡೂ ಸರಿಹೊಂದಿದವು. ಆಟದ ಸದ್ದು ಕಾರ್ಡಿನಿಂದ ಚಿತ್ರದ ಜೊತೆಯಲ್ಲೇ ಬರುವುದರಿಂದ ಅದನ್ನು ಮುಟ್ಟಬೇಕಾಗಿಲ್ಲ.

ಹೊಸಬರನ್ನು ಹೆಚ್ಚು ಗಾಬರಿಗೊಳಿಸುವುದು ಕಪ್ಪು ಪರದೆ. ಟಿವಿಯಲ್ಲಿ ಆಟ ಸರಿಯಾಗಿ ಕಾಣುತ್ತಿದ್ದು, ಲ್ಯಾಪ್‌ಟಾಪಿನಲ್ಲಿ ಮಾತ್ರ ಕಪ್ಪಾಗಿದ್ದರೆ ಮೊದಲು ಸಂಶಯಿಸಬೇಕಾದದ್ದು ನಕಲು ತಡೆಯುವ ಎಚ್‌ಡಿಸಿಪಿಯನ್ನು. ಪಿಎಸ್5ನಲ್ಲಿ Settings, System, HDMI ಎಂದು ಸಾಗಿ Enable HDCP ಅನ್ನು ಆಫ್ ಮಾಡಿದರೆ ಚಿತ್ರ ಬರುತ್ತದೆ. ಇದಕ್ಕಾಗಿ ಬೇರೆ ಉಪಕರಣ ಕೊಳ್ಳಬೇಕಿಲ್ಲ. ಟಿವಿಯಲ್ಲೂ ಚಿತ್ರವಿಲ್ಲದಿದ್ದರೆ ಕೇಬಲ್ಲನ್ನೋ, ಕಾರ್ಡಿನ ಮಿತಿ ಮೀರಿದ ರೆಸೊಲ್ಯೂಷನ್ನನ್ನೋ ಪರೀಕ್ಷಿಸಬೇಕು. ನಮ್ಮ ಕಾರ್ಡಿನ ಪಾಸ್‌ಥ್ರೂ 4ಕೆ 60ಕ್ಕೇ ನಿಲ್ಲುತ್ತದೆ, ಹಾಗಾಗಿ 120 ಹರ್ಟ್ಸ್ ಆಟಗಳ ಆಸೆ ಬಿಡಬೇಕಾಯಿತು. ಈ ಬೆಲೆಗೆ ಅದು ನನಗೆ ಒಪ್ಪಿಗೆಯೇ.

ಎಚ್‌ಡಿಸಿಪಿ ಆಫ್ ಇರುವಾಗ ಕನ್ಸೋಲಿನ ಸಿನಿಮಾ ಆ್ಯಪ್‌ಗಳು ನಡೆಯುವುದಿಲ್ಲ. ಅಮ್ಮ ರಾತ್ರಿ ಅದರಲ್ಲೇ ಸಿನಿಮಾ ನೋಡುವುದರಿಂದ ರೆಕಾರ್ಡಿಂಗ್ ಮುಗಿದ ಮೇಲೆ ಮತ್ತೆ ಆನ್ ಮಾಡಿಡುವುದು ತಮ್ಮನ ಪಾಲಿನ ಕೆಲಸ. ಇನ್ನು ಹಳೆಯ ಪಿಎಸ್3 ಇರುವವರು ಇದೇ ಕಾರ್ಡನ್ನು ಕೊಳ್ಳಬೇಡಿ: ಅದರಲ್ಲಿ ಎಚ್‌ಡಿಸಿಪಿ ಆಫ್ ಮಾಡುವ ಆಯ್ಕೆಯೇ ಇಲ್ಲ, ಹಾಗಾಗಿ ಕಾಂಪೊನೆಂಟ್ ಕೇಬಲ್ ತೆಗೆದುಕೊಳ್ಳುವ ಕಾರ್ಡೇ ಬೇಕು.