ಲೈವ್ ಕೋಡಿಂಗ್: ಗಿಟ್ ಟ್ಯಾಗೇ, ಪ್ರತ್ಯೇಕ ಫೋಲ್ಡರೇ?

ಪ್ರೇಕ್ಷಕರ ಮುಂದೆ ಕೋಡ್ ಬರೆಯುವಾಗ ದೋಷವೊಂದು ಒಂದೆರಡು ನಿಮಿಷದಲ್ಲಿ ಸಿಗದಿದ್ದರೆ ಹುಡುಕಾಟ ಬಿಟ್ಟು, ಮೊದಲೇ ಸಿದ್ಧಪಡಿಸಿದ ಹಂತಕ್ಕೆ ಜಿಗಿಯಬೇಕು. ಆ ಹಂತಗಳನ್ನು ಇಡಲು ಎರಡು ದಾರಿಗಳಿವೆ.

ಪ್ರತಿ ಹಂತಕ್ಕೂ ಒಂದು ಫೋಲ್ಡರ್ ಇಡುವುದು ಗಿಟ್ ಅಭ್ಯಾಸವಿಲ್ಲದವರಿಗೆ ಸುಲಭ. ಆದರೆ ಫೋಲ್ಡರ್ ಬದಲಿಸಿದರೂ ಸರ್ವರ್ ಹಳೆಯದರಲ್ಲೇ ಓಡುತ್ತಿರುತ್ತದೆ. ಕೋಡ್ ತಿದ್ದಿದರೂ ಬ್ರೌಸರ್‌ನಲ್ಲಿ ಏನೂ ಬದಲಾಗದಿದ್ದರೆ ಮೊದಲು ಅದನ್ನೇ ನೋಡಿ. ಮೊದಲ ಹಂತದ ತಪ್ಪನ್ನು ತಿದ್ದಿದರೆ ಉಳಿದೆಲ್ಲ ಫೋಲ್ಡರ್‌ಗಳಲ್ಲೂ ಕೈಯಾರೆ ತಿದ್ದಬೇಕು.

ನನ್ನ ಒಲವು ಗಿಟ್ ಟ್ಯಾಗ್‌ಗಳ ಕಡೆಗೆ. ಪ್ರತಿ ಹಂತದ ಕಮಿಟ್‌ಗೂ step-1, step-2 ಎಂಬಂತೆ ಮೊದಲೇ ಟ್ಯಾಗ್ ಹಾಕಿಟ್ಟರೆ ಅದೇ ಫೋಲ್ಡರ್, ಅದೇ ಸರ್ವರ್. ಲಾಗಿನ್ ಫಾರ್ಮ್ ಬರೆಯುವಾಗ ಮೂರನೆಯ ಹಂತದಲ್ಲಿ ಸಿಕ್ಕಿಕೊಂಡರೆ ಇಷ್ಟು ಸಾಕು:

```
git stash -u
git switch --detach step-3
```

ಮೊದಲ ಸಾಲನ್ನು ಬಿಡಬೇಡಿ. ಅರ್ಧ ಬರೆದ ಬದಲಾವಣೆಗಳು ಅಳಿಸಿಹೋಗುವಂತಿದ್ದರೆ ಗಿಟ್ ಜಿಗಿಯಲು ಒಪ್ಪುವುದಿಲ್ಲ. `-u` ಇರುವುದರಿಂದ ಹೊಸ ಫೈಲ್‌ಗಳೂ ಪಕ್ಕಕ್ಕೆ ಸರಿಯುತ್ತವೆ. ಕೆಟ್ಟ ಕೋಡನ್ನು ಪ್ರಶ್ನೋತ್ತರದ ವೇಳೆ ಮತ್ತೆ ತೆರೆದು ತೋರಿಸಬಹುದು, ಕೇಳುಗರಿಗೆ ಅದೂ ಒಳ್ಳೆಯ ಪಾಠ.

ಎಚ್ಚರವಿರಲಿ: ಹಳೆಯ ಕಮಿಟ್‌ಗಳನ್ನು ರೀಬೇಸ್ ಮಾಡಿ ತಿದ್ದಿದರೆ ಟ್ಯಾಗ್‌ಗಳು ತಾವಾಗಿ ಸರಿಯುವುದಿಲ್ಲ, ಮತ್ತೆ ಹಾಕಬೇಕು. ಹಂತಗಳ ನಡುವೆ ಲೈಬ್ರರಿಗಳು ಬದಲಾಗುತ್ತಿದ್ದರೆ ಮಾತ್ರ ಫೋಲ್ಡರ್‌ಗಳೇ ಮೇಲು. ವೇದಿಕೆಯ ಮೇಲೆ ಇನ್‌ಸ್ಟಾಲ್‌ಗೆ ಕಾಯಬೇಕಾಗುವುದಿಲ್ಲ.