ಬಿಳಿಜೋಳದ ಹಿಟ್ಟಿಗೆ ಬದಲಿ ಬಂದಾಗ: ಕಿರಾಣಿ ಆಪ್‌ನ ಎರಡು ವರ್ಷದ ಬಳಕೆ (5ಕ್ಕೆ 3)

ವಿಜಯಪುರದಲ್ಲಿ ಮನೆ ಬಾಗಿಲಿಗೆ ಕಿರಾಣಿ ತಂದುಕೊಡುವ ಈ ಆಪ್‌ನ ತೂಕದಲ್ಲಾಗಲಿ ಸಮಯದಲ್ಲಾಗಲಿ ತಕರಾರಿಲ್ಲ. ತಕರಾರಿರುವುದು ಬದಲಿ ಸಾಮಾನಿನಲ್ಲಿ, ಅದರಲ್ಲೂ ಜೋಳದ ಹಿಟ್ಟಿನಲ್ಲಿ.

ಆಪ್‌ನಲ್ಲಿ ಇದೆ ಎಂದು ತೋರಿಸಿದ್ದು ಎಷ್ಟೋ ಸಲ ಅಂಗಡಿಯಲ್ಲಿ ಖಾಲಿಯಾಗಿರುತ್ತದೆ. ಅಂಗಡಿಗೆ ಬಂದ ಗಿರಾಕಿ ಅದೇ ಕಪಾಟಿನಿಂದ ಎತ್ತಿಕೊಂಡಿರುತ್ತಾನೆ, ಬಿಲ್ ಆಗುವ ತನಕ ಲೆಕ್ಕದಲ್ಲಿ ಮಾತ್ರ ಅದು ಉಳಿದಿರುತ್ತದೆ. ಆಗ ಅದೇ ಹೆಸರಿನ, ಹತ್ತಿರದ ಬೆಲೆಯ ಬೇರೆ ಪೊಟ್ಟಣ ಚೀಲ ಸೇರುತ್ತದೆ. ಸಕ್ಕರೆ, ಉಪ್ಪಿಗೆ ಇದು ನಡೆದೀತು, ಜೋಳಕ್ಕೆ ನಡೆಯುವುದಿಲ್ಲ. ಹಿಂಗಾರಿ ಮಾಲದಂಡಿಯ ಹಿಟ್ಟಿಗೆ ಎಸರು ಹಾಕಿ ನಾದಿದರೆ ಜಿಗಿ ಬರುತ್ತದೆ, ರೊಟ್ಟಿ ತೆಳ್ಳಗೆ ಬಡಿಯಬಹುದು. ಹೈಬ್ರಿಡ್ ಜೋಳದ್ದೋ ಬೀಸಿ ಬಹಳ ದಿನವಾದದ್ದೋ ಬಂದರೆ ಬಡಿಯುವಾಗಲೇ ಅಂಚು ಸೀಳುತ್ತದೆ, ಹಂಚಿಗೆ ಹಾಕಲು ಎತ್ತಿದರೆ ನಡುವೆ ಹರಿಯುತ್ತದೆ. ಆಪ್‌ನ ಪಟ್ಟಿಯಲ್ಲಿ ಮಾತ್ರ ಎರಡೂ ಜೋಳದ ಹಿಟ್ಟೇ.

ಬೆಲೆಯಲ್ಲೂ ಮೋಸಹೋಗಬಹುದು. ಕಿಲೋಗೆ 60 ರೂಪಾಯಿಯಂತೆ 5 ಕಿಲೋ ಹೇಳಿದರೆ 300 ಆಗುತ್ತದೆ ಎನ್ನಿ. ಬದಲಿಗೆ 2 ಕಿಲೋದ ಎರಡು ಪೊಟ್ಟಣ, ಒಂದಕ್ಕೆ 140. ಒಟ್ಟು 280 ನೋಡಿದರೆ 20 ಉಳಿದಂತೆ ಕಾಣುತ್ತದೆ. ಆದರೆ ಬಂದದ್ದು 4 ಕಿಲೋ, ಹಳೆಯ ದರದಲ್ಲಿ ಅದಕ್ಕೆ 240 ಸಾಕಿತ್ತು. ಉಳಿತಾಯವಲ್ಲ, 40 ರೂಪಾಯಿ ಹೆಚ್ಚೇ ಕೊಟ್ಟಂತಾಯಿತು. ಪೊಟ್ಟಣದ ಮೇಲೆ ಎಂಆರ್‌ಪಿ ಪಕ್ಕ ಕಿಲೋ ದರ ಅಚ್ಚಾಗಿರುತ್ತದೆ, ಹೋಲಿಸಬೇಕಾದದ್ದು ಅದನ್ನು.

ಆರ್ಡರ್ ಒತ್ತುವ ಮೊದಲು ಬುಟ್ಟಿಯಲ್ಲಿ ಪ್ರತಿ ಸಾಮಾನಿನ ಕೆಳಗೆ ಬದಲಿಯ ಆಯ್ಕೆ ಇರುತ್ತದೆ. ಇಡೀ ಆರ್ಡರ್‌ಗೆ ಒಂದೇ ಉತ್ತರ ಕೊಡಬೇಡಿ. ಬೇಳೆ, ಸಾಬೂನಿಗೆ ಬದಲಿ ಒಪ್ಪಿ, ಜೋಳದ ಹಿಟ್ಟಿಗೆ ಬೇಡ ಎನ್ನಿ. ಬ್ಯಾಡಗಿ ಮೆಣಸಿನಕಾಯಿಗೂ ಬೇಡವೇ ಸರಿ: ಅದರ ಜಾಗಕ್ಕೆ ಗುಂಟೂರು ಬಂದರೆ ಬಣ್ಣ ಕಡಿಮೆ, ಖಾರ ವಿಪರೀತ. ಫೋನ್ ಮಾಡಿ ಕೇಳಿ ಎಂಬ ಆಯ್ಕೆ ಇಟ್ಟವರು ಕರೆ ತಪ್ಪಿಸಿಕೊಳ್ಳಬಾರದು. ಇಲ್ಲಿ ಎತ್ತದ ಕರೆಯನ್ನು ಒಪ್ಪಿಗೆ ಎಂದೇ ಹಿಡಿಯುತ್ತಾರೆ. ನಮ್ಮ ಎರಡು ಅಂಕ ಹೋದದ್ದು ಇದಕ್ಕೇ.

ಆದರೂ ಬದಲಿ ಬಂದರೆ ಓಟಿಪಿ ಕೊಡುವ ಮೊದಲೇ ಚೀಲ ಬಿಚ್ಚಿ. “ತಮ್ಮಾ, ಈ ಹಿಟ್ಟು ಬ್ಯಾಡ, ಬಿಲ್ಲಿನ್ಯಾಗಿಂದ ತಗಿ” ಎಂದರೆ ಸಾಮಾನು ತಂದ ಹುಡುಗ ಅಲ್ಲೇ ತನ್ನ ಫೋನಿನಲ್ಲಿ ಆ ಒಂದು ಸಾಮಾನು ವಾಪಸ್ ಬರೆದುಕೊಳ್ಳುತ್ತಾನೆ. ಓಟಿಪಿ ಹೋದಮೇಲೆ ಎಲ್ಲವೂ ತಲುಪಿದಂತೆ ಲೆಕ್ಕ. ಆಮೇಲೆ ಪೊಟ್ಟಣದ ಫೋಟೋ ಕಳಿಸಿ ದೂರು ಕೊಡಬೇಕು, ಒಡೆದ ಹಿಟ್ಟಂತೂ ವಾಪಸ್ ಹೋಗುವುದಿಲ್ಲ. ನಗದು ಕೊಡುವವರು ಕಡಿತವಾದ ಹೊಸ ಮೊತ್ತ ನೋಡಿಯೇ ಕೊಡಬೇಕು. ಯುಪಿಐ ಆಗಿದ್ದರೆ ವಾಪಸ್ ಬರುವ ಹಣ ಆಪ್‌ನ ವಾಲೆಟ್‌ಗೆ ಹೋಗದಂತೆ ಬ್ಯಾಂಕ್ ಖಾತೆಯನ್ನೇ ಆರಿಸಿ.