ಮೂರು ವರ್ಷ ಬಳಸಿದ ಮೇಲೆ: ನಮ್ಮ ಇಆರ್‌ಪಿಯ ಪೇಮೆಂಟ್ ರನ್ ಮತ್ತು ಒಂದು ದಿನಾಂಕದ ಕಾಲಂ

ನಾನು ಒಂದು ಮಧ್ಯಮ ಗಾತ್ರದ ಕಂಪನಿಯ ಅಕೌಂಟ್ಸ್‌ನಲ್ಲಿ ಕೆಲಸ ಮಾಡುತ್ತೇನೆ. ಸಪ್ಲೈಯರ್‌ಗಳಿಗೆ ಹಣ ಕೊಡುವ ಕೆಲಸ ನನ್ನದು. ಲೆಕ್ಕ, ಖರೀದಿ, ಸ್ಟೋರ್ ಎಲ್ಲವನ್ನೂ ಒಂದೇ ಕಡೆ ನೋಡಿಕೊಳ್ಳುವ ಈ ಇಆರ್‌ಪಿ ಸಾಫ್ಟ್‌ವೇರ್ ಬಂದು ಮೂರು ವರ್ಷ ಆಯಿತು. ಇದರಲ್ಲಿ ಏನೇನಿದೆ ಅನ್ನುವ ಪಟ್ಟಿ ಎಲ್ಲ ಕಡೆ ಸಿಗುತ್ತದೆ, ಅದನ್ನು ಮತ್ತೆ ಬರೆಯುವುದಿಲ್ಲ. ಪೇಮೆಂಟ್ ರನ್, ಅಡ್ವಾನ್ಸ್, ಬೇಗ ಕೊಟ್ಟರೆ ಸಿಗುವ ಡಿಸ್ಕೌಂಟ್, ಈ ಮೂರರ ಬಗ್ಗೆ ಮಾತ್ರ ಹೇಳುತ್ತೇನೆ. ಪೇಮೆಂಟ್ ರನ್ ಅಂದರೆ ಕೊಡಬೇಕಾದ ಬಿಲ್ಲುಗಳನ್ನು ಸಿಸ್ಟಂ ತಾನೇ ಆರಿಸಿ ಒಟ್ಟಿಗೆ ಹಣ ಕಳಿಸುವುದು. ಮೊದಲ ವರ್ಷ ಇದರ ಮೇಲೆ ನನಗೆ ತುಂಬಾ ಸಿಟ್ಟಿತ್ತು.

ಸಿಟ್ಟಿಗೆ ಕಾರಣ ಒಂದು ಬಿಲ್ಲು. ಮೊತ್ತ 5 ಲಕ್ಷ. ಹತ್ತು ದಿನದೊಳಗೆ ಕೊಟ್ಟರೆ 2% ಕಡಿಮೆ, ಇಲ್ಲವಾದರೆ ಮೂವತ್ತು ದಿನಕ್ಕೆ ಪೂರ್ತಿ. ಬಿಲ್ಲಿನ ದಿನಾಂಕ 1. ಅಂದರೆ 11ರವರೆಗೆ ಡಿಸ್ಕೌಂಟ್, ಕೊನೆಯ ಗಡುವು 31. ನಮ್ಮಲ್ಲಿ ವಾರಕ್ಕೊಂದು ರನ್, ಆ ತಿಂಗಳು 5, 12, 19, 26ಕ್ಕೆ ಇತ್ತು. ಬಿಲ್ಲು 3ಕ್ಕೇ ಎಂಟ್ರಿ ಆಗಿತ್ತು, ಅಪ್ರೂವಲ್ ಕೂಡ ಆಗಿತ್ತು. ಹಾಗಾಗಿ 5ರ ರನ್‌ನಲ್ಲಿ ಹೋಗಲೇಬೇಕಿತ್ತು, ಅಲ್ವಾ? ಹೋಗಲಿಲ್ಲ. 12ಕ್ಕೂ ಹೋಗಲಿಲ್ಲ. ಕೊನೆಗೆ 26ಕ್ಕೆ ಪೂರ್ತಿ 5 ಲಕ್ಷ ಹೋಯಿತು. 10,000 ಕೈತಪ್ಪಿತು. ಹೋಗಲಿ, 31ರವರೆಗೆ ಹಣವಾದರೂ ನಮ್ಮ ಬಳಿ ಉಳಿಯಿತಾ ಅಂದರೆ ಅದೂ ಇಲ್ಲ.

ಸಿಸ್ಟಂ ಕೆಟ್ಟಿದೆ ಎಂದು ಸಪೋರ್ಟ್‌ಗೆ ದೂರು ಕೊಟ್ಟೆ. ಅವರಿಂದ ಬಂದ ಉತ್ತರ ಒಂದೇ ಸಾಲು: "ಮುಂದಿನ ರನ್ ದಿನಾಂಕ ನೋಡಿ." ಆ ಸಾಲಿನ ಅರ್ಥ ತಿಳಿಯಲು ನನಗೆ ಎರಡು ದಿನ ಬೇಕಾಯಿತು.

ರನ್ ತೆರೆದಾಗ ಎರಡು ದಿನಾಂಕ ಕೇಳುತ್ತದೆ. ಒಂದು ಇವತ್ತಿನದು, ಇನ್ನೊಂದು ಮುಂದಿನ ರನ್‌ನದು. ಎರಡನೆಯದನ್ನು ನಾನು ಸುಮ್ನೆ ಮಾಹಿತಿಗೆ ಅಂದುಕೊಂಡಿದ್ದೆ. ಆದರೆ ಸಿಸ್ಟಂ ಪ್ರತಿ ಬಿಲ್ಲಿಗೂ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತದೆ: ಇದನ್ನು ಮುಂದಿನ ರನ್‌ಗೆ ಬಿಟ್ಟರೆ ನಷ್ಟ ಆಗುತ್ತದಾ? ಮುಂದಿನ ರನ್‌ಗೂ ಡಿಸ್ಕೌಂಟ್ ಉಳಿದಿರುತ್ತದೆ ಅಂದರೆ ಇವತ್ತು ಮುಟ್ಟುವುದಿಲ್ಲ. ಕೈಯಲ್ಲಿರುವ ಹಣವನ್ನು ಆದಷ್ಟು ದಿನ ಕೈಯಲ್ಲೇ ಇಟ್ಟುಕೊಳ್ಳುವುದು ಅದರ ಲೆಕ್ಕ. ಲೆಕ್ಕ ಸರಿಯಾಗಿಯೇ ಇದೆ.

ಆ 5ರಂದು ಸಹೋದ್ಯೋಗಿಯೊಬ್ಬರು ಮುಂದಿನ ರನ್ ಎಂದು 8 ಹಾಕಿದ್ದರು. 8ಕ್ಕೆ ನಿಜವಾಗಿಯೂ ಒಂದು ರನ್ ಇತ್ತು. ಆದರೆ ಅದು ಎರಡು ತುರ್ತು ಅಡ್ವಾನ್ಸ್‌ಗೆ ಮಾತ್ರ, ಆ ಇಬ್ಬರು ಸಪ್ಲೈಯರ್‌ಗಳನ್ನಷ್ಟೇ ಆರಿಸಿದ್ದೆವು. ಸಿಸ್ಟಂಗೆ ಅದು ಹೇಗೆ ಗೊತ್ತಾಗಬೇಕು? 8ಕ್ಕೆ ಕೊಡಬಹುದು, 11ರವರೆಗೆ ಡಿಸ್ಕೌಂಟ್ ಇದೆ ಎಂದು ಬಿಲ್ಲನ್ನು ಬಿಟ್ಟಿತು. 12 ಬರುವ ಹೊತ್ತಿಗೆ ಡಿಸ್ಕೌಂಟ್ ಮುಗಿದಿತ್ತು. ಆಮೇಲೆ ಅದಕ್ಕೆ ಅವಸರ ಏನು, ಗಡುವು 31. 26ರ ರನ್‌ನಲ್ಲಿ ಮುಂದಿನ ದಿನಾಂಕ ಬರುವ ತಿಂಗಳ 2 ಎಂದಿತ್ತು. ಅಷ್ಟು ಹೊತ್ತಿಗೆ ಗಡುವು ದಾಟುತ್ತದೆ ಅಂತ 26ಕ್ಕೇ ಕೊಟ್ಟುಬಿಟ್ಟಿತು. ಒಂದೊಂದು ಹೆಜ್ಜೆಯೂ ಸರಿ. ತಪ್ಪಿದ್ದು ನಾವು ತುಂಬಿದ ಒಂದು ಅಂಕಿ. ಇದು ತಿಳಿದ ದಿನ ನನ್ನ ಸಿಟ್ಟು ಅರ್ಧ ಇಳಿಯಿತು.

ಈಗ ಒಂದು ನಿಯಮ ಇಟ್ಟುಕೊಂಡಿದ್ದೇವೆ. ಆ ಕಾಲಂನಲ್ಲಿ ಎಲ್ಲ ಸಪ್ಲೈಯರ್‌ಗಳೂ ಸೇರುವ ಮುಂದಿನ ರನ್‌ನ ದಿನಾಂಕ ಮಾತ್ರ ಬರಬೇಕು. ಮಧ್ಯದ ತುರ್ತು ರನ್ ಲೆಕ್ಕಕ್ಕಿಲ್ಲ. ರಜೆ ಇದ್ದರೆ ರನ್ ನಿಜವಾಗಿ ಯಾವತ್ತು ನಡೆಯುತ್ತದೋ ಆ ದಿನ. ಅನುಮಾನ ಇದ್ದರೆ ಒಂದೆರಡು ದಿನ ಮುಂದಕ್ಕೆ ಹಾಕುತ್ತೇನೆ. ಆಗ ಕೆಲವು ಬಿಲ್ಲು ಬೇಗ ಹೋಗಬಹುದು, ಆದರೆ ಡಿಸ್ಕೌಂಟ್ ತಪ್ಪುವುದಿಲ್ಲ.

ರನ್ ದಿನದ ಬೆಳಗ್ಗೆ ಈಗ ನನಗೆ ನಿಜಕ್ಕೂ ಇಷ್ಟ. ಮೊದಲು ಪ್ರಪೋಸಲ್ ಓಡಿಸುತ್ತೇನೆ. ಅಂದರೆ ಹಣ ಹೋಗುವ ಮೊದಲು ಯಾರಿಗೆ ಎಷ್ಟು ಎಂದು ತೋರಿಸುವ ಪಟ್ಟಿ. ಆದರೆ ಅದನ್ನು ತಕ್ಷಣ ನೋಡುವುದಿಲ್ಲ. ಮೊದಲು ತೆರೆಯುವುದು ಎಕ್ಸೆಪ್ಶನ್ ಪಟ್ಟಿ, ಸಿಸ್ಟಂ ಕೈಬಿಟ್ಟ ಬಿಲ್ಲುಗಳದ್ದು. ಬ್ಯಾಂಕ್ ವಿವರ ಇಲ್ಲ, ಹಣ ಹೋಗದಂತೆ ಬಿಲ್ಲಿಗೆ ಬ್ಲಾಕ್ ಇದೆ, ಸಪ್ಲೈಯರೇ ನಮಗೆ ಕೊಡಬೇಕಿದೆ, ಹೀಗೆ ಪ್ರತಿ ಸಾಲಿನ ಎದುರೂ ಕಾರಣ ಇರುತ್ತದೆ. ಡಿಸ್ಕೌಂಟ್ ಮುಗಿಯುವ ದಿನಾಂಕದ ಮೇಲೆ ಆ ಪಟ್ಟಿಯನ್ನು ಜೋಡಿಸುತ್ತೇನೆ. ಮೇಲೆ ಬರುವ ನಾಲ್ಕೈದು ಸಾಲಿಗೆ ಫೋನ್ ಮಾಡುತ್ತೇನೆ. ಹೆಚ್ಚಿನ ಬ್ಲಾಕ್‌ಗೆ ಕಾರಣ, ಮಾಲು ಬಂದಿದ್ದರೂ ಸ್ಟೋರ್‌ನವರು ಎಂಟ್ರಿ ಮಾಡಿರುವುದಿಲ್ಲ. "ಸರ್, ಆ ಹತ್ತು ಬಾಕ್ಸ್ ಬಂತಾ?" ಎಂದು ಕೇಳಿದರೆ ಅರ್ಧ ಗಂಟೆಯಲ್ಲಿ ಎಂಟ್ರಿ ಆಗುತ್ತದೆ. ಪ್ರಪೋಸಲ್ ಅಳಿಸಿ ಮತ್ತೆ ಓಡಿಸಿದರೆ ಆ ಬಿಲ್ಲು ಒಳಗೆ ಬಂದಿರುತ್ತದೆ. ಬಿಲ್ಲು ಬ್ಲಾಕ್‌ನಲ್ಲಿ ಕೂತಿದ್ದರೂ ಡಿಸ್ಕೌಂಟ್ ದಿನಗಳು ಓಡುತ್ತಲೇ ಇರುತ್ತವೆ. ನಮ್ಮ ಹೆಚ್ಚಿನ ಡಿಸ್ಕೌಂಟ್ ತಪ್ಪುತ್ತಿದ್ದುದೇ ಅಲ್ಲಿ.

ಅಡ್ವಾನ್ಸ್ ವಿಷಯದಲ್ಲಿ ನನ್ನ ಅನುಭವ ಎರಡು ಥರ.

ಕೆಟ್ಟದ್ದನ್ನು ಮೊದಲು ಹೇಳುತ್ತೇನೆ. ಒಬ್ಬ ಸಪ್ಲೈಯರ್‌ಗೆ 2 ಲಕ್ಷ ಅಡ್ವಾನ್ಸ್ ಕೊಟ್ಟಿದ್ದೆವು. ಆಮೇಲೆ 6 ಲಕ್ಷದ ಬಿಲ್ಲು ಬಂತು, ಅದಕ್ಕೂ ಅದೇ 2% ಷರತ್ತು. ರನ್ 5,88,000 ಕಳಿಸಿತು. ಅಡ್ವಾನ್ಸ್ ಕಳೆಯಲೇ ಇಲ್ಲ. ಯಾಕೆಂದರೆ ಅಡ್ವಾನ್ಸ್ ಕೂರುವ ಖಾತೆಯೇ ಬೇರೆ. ಅದು ನಮಗೆ ಬರಬೇಕಾದ ಹಣ, ಬಿಲ್ಲು ನಾವು ಕೊಡಬೇಕಾದ ಹಣ. ಇವೆರಡನ್ನು ಸೇರಿಸಿ ಹೊಂದಿಸುವ ಕೆಲಸವನ್ನು ಮನುಷ್ಯರೇ ಮಾಡಬೇಕು. ಬಿಲ್ಲು ಎಂಟ್ರಿ ಮಾಡುವಾಗ ಈ ಸಪ್ಲೈಯರ್ ಬಳಿ ಅಡ್ವಾನ್ಸ್ ಇದೆ ಎಂದು ಒಂದು ಸೂಚನೆ ಬರುತ್ತದೆ. ಎಂಟರ್ ಒತ್ತಿದರೆ ಮಾಯ. ಅವತ್ತು ಯಾರೋ ಎಂಟರ್ ಒತ್ತಿದ್ದರು. ಸಪ್ಲೈಯರ್ ಒಳ್ಳೆಯವರು, ಮುಂದಿನ ಬಿಲ್ಲಿನಲ್ಲಿ ಹೊಂದಿಸಿಕೊಂಡರು. ಆದರೆ ಅಲ್ಲಿಯವರೆಗೆ ನಮ್ಮ 2 ಲಕ್ಷ ಹೊರಗೇ ಇತ್ತು.

ಈಗ ರನ್‌ನ ಹಿಂದಿನ ಸಂಜೆ ಒಂದು ರಿಪೋರ್ಟ್ ತೆಗೆಯುತ್ತೇನೆ. ಹೊಂದಿಸದ ಅಡ್ವಾನ್ಸ್ ಮತ್ತು ಕೊಡಬೇಕಾದ ಬಿಲ್ಲು ಎರಡೂ ಇರುವ ಸಪ್ಲೈಯರ್‌ಗಳ ಪಟ್ಟಿ ಅದು. ಅದರಲ್ಲಿ ಹೆಸರಿದ್ದರೆ ರನ್ ಮುಂದೆ ಹೋಗುವುದಿಲ್ಲ.

ಹೊಂದಿಸುವಾಗ ಇನ್ನೊಂದು ಪ್ರಶ್ನೆ ಬರುತ್ತದೆ. ಡಿಸ್ಕೌಂಟ್ 6 ಲಕ್ಷದ ಮೇಲಾ, ಉಳಿದ 4 ಲಕ್ಷದ ಮೇಲಾ? ನಮ್ಮ ಸಿಸ್ಟಂ ಉಳಿದದ್ದರ ಮೇಲೆ ಲೆಕ್ಕ ಹಾಕುತ್ತದೆ. 8,000 ಕಳೆದು 3,92,000 ಕೊಡುತ್ತದೆ. ಪೂರ್ತಿ ಬಿಲ್ಲಿನ ಮೇಲಾದರೆ 12,000 ಸಿಗಬೇಕಿತ್ತು. ನನಗೆ ಪೂರ್ತಿ ಬಿಲ್ಲಿನ ಮೇಲೆ ಸಿಗುವುದೇ ನ್ಯಾಯ ಅನ್ನಿಸುತ್ತದೆ. ಆ 2 ಲಕ್ಷ ಅವರ ಕೈ ಸೇರಿದ್ದು ಬಿಲ್ಲಿಗಿಂತ ಮೊದಲು ತಾನೇ? ಆದರೆ ಆರ್ಡರ್‌ನಲ್ಲಿ ಬರೆಯದೆ ಆಮೇಲೆ ಕೇಳಿದರೆ ಯಾರೂ ಒಪ್ಪುವುದಿಲ್ಲ. ಹಾಗಾಗಿ ಈಗ ಅಡ್ವಾನ್ಸ್ ಇರುವ ಆರ್ಡರ್‌ನಲ್ಲಿ ಡಿಸ್ಕೌಂಟ್ ಪೂರ್ತಿ ಬಿಲ್ಲಿನ ಮೇಲೆ ಎಂದು ಒಂದು ಸಾಲು ಸೇರಿಸುತ್ತೇವೆ. ಆ ಹೆಚ್ಚುವರಿ 4,000ವನ್ನು ಪ್ರಪೋಸಲ್‌ನಲ್ಲಿ ನಾನೇ ತಿದ್ದುತ್ತೇನೆ.

ಒಳ್ಳೆಯ ಅನುಭವ ಅಂದರೆ ಅಡ್ವಾನ್ಸ್ ರಿಕ್ವೆಸ್ಟ್. ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಮೊದಲೆಲ್ಲ ಪರ್ಚೇಸ್‌ನವರು ಬೆಳಗ್ಗೆ ಬಂದು "ಇವತ್ತು ಅಡ್ವಾನ್ಸ್ ಹೋಗಲೇಬೇಕು" ಅನ್ನುತ್ತಿದ್ದರು. ಸಂಬಳದ ವಾರ ಎಂದರೂ ಕೇಳುತ್ತಿರಲಿಲ್ಲ. ಈಗ ಆರ್ಡರ್ ಹಾಕುವಾಗಲೇ ರಿಕ್ವೆಸ್ಟ್ ಮಾಡಿ ತಾರೀಖು ಹಾಕುತ್ತಾರೆ. ಅದು ಲೆಕ್ಕಪುಸ್ತಕಕ್ಕೆ ಬರುವುದಿಲ್ಲ, ಬರೀ ಒಂದು ಟಿಪ್ಪಣಿ. ಆದರೆ ಕ್ಯಾಶ್ ಫ್ಲೋ ಪರದೆಯಲ್ಲಿ ಆ ತಾರೀಖಿನ ಕೆಳಗೆ ಬಂದು ಕೂರುತ್ತದೆ. ಆ ದಿನ ಬಂದಾಗ ರನ್ ತಾನೇ ಅದನ್ನು ಎತ್ತಿಕೊಳ್ಳುತ್ತದೆ. ಮೂರು ವಾರ ಮೊದಲೇ ಕಂಡರೆ ಮಾತಾಡಬಹುದು. ಸಂಬಳಕ್ಕೆ ಎರಡು ದಿನ ಮೊದಲು ಬಿದ್ದ ಅಡ್ವಾನ್ಸನ್ನು ಐದು ದಿನ ಮುಂದಕ್ಕೆ ಹಾಕಲು ಕೇಳಿದರೆ ಹೆಚ್ಚಿನವರು ಒಪ್ಪುತ್ತಾರೆ. ಈ ಒಂದು ಸೌಲಭ್ಯಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಅದೇ ಪರದೆಯಲ್ಲಿ ಒಂದು ಎಚ್ಚರಿಕೆ ಬೇಕು. ಬಿಲ್ಲುಗಳನ್ನು ಅದು ಮೊದಲಿಗೆ ಕೊನೆಯ ಗಡುವಿನ ದಿನ ತೋರಿಸುತ್ತದೆ. ನನ್ನ ಆ 5 ಲಕ್ಷದ ಬಿಲ್ಲು 31ಕ್ಕೆ ಕಾಣುತ್ತಿತ್ತು, ಆದರೆ ಡಿಸ್ಕೌಂಟ್ ಬೇಕೆಂದರೆ ಹಣ ಹೋಗಬೇಕಾದ್ದು 5ಕ್ಕೆ. ಡಿಸ್ಕೌಂಟ್ ದಿನದ ಮೇಲೆ ತೋರಿಸು ಎನ್ನುವ ಸೆಟ್ಟಿಂಗ್ ಇದೆ, ಅದನ್ನು ಮೊದಲ ದಿನವೇ ಬದಲಿಸಿಕೊಳ್ಳಿ.

ಕೊನೆಯ ದೂರು ಇವತ್ತಿಗೂ ಹಾಗೇ ಇದೆ. ಯಾವ ಡಿಸ್ಕೌಂಟ್ ತೆಗೆದುಕೊಳ್ಳಬೇಕು, ಯಾವುದು ಬೇಡ ಎಂದು ಹೇಳಲು ಇರುವುದು ಒಂದೇ ಕಾಲಂ: ಕನಿಷ್ಠ ಶೇಕಡಾ. ಅಲ್ಲಿ 1.5 ಹಾಕಿದರೆ ಅದಕ್ಕಿಂತ ಕಡಿಮೆ ಇರುವ ಡಿಸ್ಕೌಂಟನ್ನು ಬಿಟ್ಟು ಕೊನೆಯ ಗಡುವಿಗೆ ಕೊಡುತ್ತದೆ. ಆದರೆ ಶೇಕಡಾ ಒಂದನ್ನೇ ನೋಡಿ ಏನು ಗೊತ್ತಾಗುತ್ತದೆ? ಎಷ್ಟು ದಿನ ಮೊದಲು ಕೊಡುತ್ತಿದ್ದೇವೆ ಅನ್ನುವುದು ಬೇಕಲ್ಲ. ನಮ್ಮ 2% ಬಿಲ್ಲಿನಲ್ಲಿ ಇಪ್ಪತ್ತು ದಿನ ಮೊದಲು ಕೊಟ್ಟು ಪ್ರತಿ 98ಕ್ಕೆ 2 ಉಳಿಸುತ್ತೇವೆ. ವರ್ಷದ ಲೆಕ್ಕಕ್ಕೆ ಸುಮಾರು 37%. ನಮ್ಮ ಓವರ್‌ಡ್ರಾಫ್ಟ್ ಬಡ್ಡಿ 12%. 4,90,000ವನ್ನು ಇಪ್ಪತ್ತು ದಿನಕ್ಕೆ ಸಾಲ ತಂದರೂ ಬಡ್ಡಿ ಸುಮಾರು 3,200, ಡಿಸ್ಕೌಂಟ್‌ನಿಂದ ಸಿಗುವುದು 10,000. ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು. ಇನ್ನೊಬ್ಬರು ಹತ್ತು ದಿನಕ್ಕೆ 1%, ಇಲ್ಲವಾದರೆ ಅರವತ್ತು ದಿನ ಅನ್ನುತ್ತಾರೆ. ಐವತ್ತು ದಿನ ಮೊದಲು ಕೊಡಬೇಕು, ವರ್ಷಕ್ಕೆ 7% ಸುಮಾರು. ಸಾಲ ತಂದು ಕೊಟ್ಟರೆ ನಷ್ಟ. ಮೂರನೆಯವರು ಹತ್ತು ದಿನಕ್ಕೆ ಅದೇ 1%, ಆದರೆ ಗಡುವು ಹದಿನೈದು ದಿನ. ಐದೇ ದಿನ ಮೊದಲು, ವರ್ಷಕ್ಕೆ 70% ದಾಟುತ್ತದೆ. ಎರಡನೆಯದನ್ನು ತಡೆಯಲು 1.5 ಹಾಕಿದರೆ ಮೂರನೆಯದೂ ಹೋಗುತ್ತದೆ.

ಎರಡು ಸಲ ಕೇಳಿದ್ದೇನೆ, ದಿನಗಳನ್ನೂ ಸೇರಿಸಿ ಲೆಕ್ಕ ಹಾಕುವ ಕಾಲಂ ಕೊಡಿ ಎಂದು. ಬಂದಿಲ್ಲ. ಅದಕ್ಕೆ ಕನಿಷ್ಠ ಶೇಕಡಾ ಕಾಲಂ ಖಾಲಿ ಬಿಟ್ಟಿದ್ದೇವೆ. ಅರವತ್ತು ದಿನದವರ ಬಿಲ್ಲಿಗೆ ಡಿಸ್ಕೌಂಟ್ ಇಲ್ಲದ ಬೇರೆ ಪಾವತಿ ಷರತ್ತಿನ ಕೋಡ್ ಹಾಕಿದ್ದೇವೆ. ಬ್ಯಾಂಕಿನಲ್ಲಿ ಹಣ ಜಾಸ್ತಿ ಇರುವ ತಿಂಗಳು ಮಾತ್ರ ಅವರ ಬಿಲ್ಲುಗಳನ್ನು ಕೈಯಲ್ಲೇ ಬದಲಿಸಿ ಡಿಸ್ಕೌಂಟ್ ತೆಗೆದುಕೊಳ್ಳುತ್ತೇನೆ. ಅಂಥ ಒಂಬತ್ತು ಸಪ್ಲೈಯರ್‌ಗಳು ಇದ್ದಾರೆ, ಅವರ ಪಟ್ಟಿಯನ್ನು ಒಂದು ಎಕ್ಸೆಲ್ ಹಾಳೆಯಲ್ಲಿ ಇಟ್ಟು ರನ್ ದಿನ ಪಕ್ಕದಲ್ಲೇ ತೆರೆದಿಟ್ಟುಕೊಳ್ಳುತ್ತೇನೆ. ಐದಕ್ಕೆ ನಾಲ್ಕು ನಕ್ಷತ್ರ ಕೊಟ್ಟಿದ್ದೇನೆ. ಆ ಹಾಳೆ ಮುಚ್ಚುವ ದಿನ ಐದನೆಯದನ್ನೂ ಸೇರಿಸುತ್ತೇನೆ.